ನಲವತ್ತೈದು ಸೆಕೆಂಡಿನಲ್ಲಿ ಒಂದೇ ಮಾತು

ಮಂಗಳೂರಿನ ಹಂಪನಕಟ್ಟೆಯ ಆಸುಪಾಸಿನಲ್ಲಿ ಒಂದು ಕೊಡೆ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಮಾಲೀಕರು ಜಾಹೀರಾತು ಮಾಡಿಸಬೇಕೆಂದು ಬರುತ್ತಾರೆ. ಹೊಸ ಕೊಡೆ, ರೈನ್‌ಕೋಟ್, ಶಾಲೆಯ ಚೀಲ, ರಿಯಾಯಿತಿ, ತಂದೆಯ ಕಾಲದ ಹೆಸರು, ರಿಪೇರಿ ಎಲ್ಲವೂ ಅದರಲ್ಲಿ ಬರಬೇಕು. ಚಿತ್ರಕಥೆ ಬರೆಯುವವರ ಮೊದಲ ಕೆಲಸ ಇವುಗಳಲ್ಲಿ ಐದನ್ನು ಬಿಡಿಸುವುದು. ಆ ಐದೂ ಬೇರೆ ಅಂಗಡಿಗಳಲ್ಲೂ ಸಿಗುವಂಥವು. ನಿಂತ ನಿಲುವಿನಲ್ಲೇ ಕೊಡೆ ಸರಿಮಾಡಿಕೊಡುವವರು ಅಪರೂಪ. ಹಾಗಾಗಿ ಸಂದೇಶ ಒಂದೇ: ಮುರಿದ ಕೊಡೆಯನ್ನು ಎಸೆಯಬೇಡಿ, ಇಲ್ಲಿ ರಿಪೇರಿಯಾಗುತ್ತದೆ.

ಚಿತ್ರಕಥೆಯ ಹಾಳೆಯ ಎಡಕ್ಕೆ ದೃಶ್ಯ, ಬಲಕ್ಕೆ ಧ್ವನಿ, ಅಂಚಿನಲ್ಲಿ ಸೆಕೆಂಡು. ಮೊದಲ ಎಂಟು ಸೆಕೆಂಡು ಮಾತಿಲ್ಲ. ಜಗಲಿಯ ತುದಿಯಲ್ಲಿ ಹುಡುಗಿ ಕೊಡೆ ಬಿಡಿಸುತ್ತಾಳೆ, ಒಂದು ಕಡ್ಡಿ ಮುರಿದು ಬಟ್ಟೆ ಜೋತು ಬಿದ್ದು ನೀರು ಚೀಲದ ಮೇಲೆ ಸುರಿಯುತ್ತದೆ. ಮುಂದಿನ ಆರರಲ್ಲಿ ಆಕೆ ಅದನ್ನು ಮೂಲೆಗೆಸೆಯುತ್ತಾಳೆ, ಅಜ್ಜ ಎತ್ತಿಕೊಳ್ಳುತ್ತಾರೆ. ಆಮೇಲಿನ ಹದಿನೆಂಟು ಸೆಕೆಂಡು ಅಂಗಡಿಗೆ. ಇಷ್ಟು ದೀರ್ಘ ಯಾಕೆಂದರೆ ನಂಬಿಕೆ ಹುಟ್ಟುವುದು ಇಲ್ಲೇ. ಹಳೆ ಕಡ್ಡಿ ಕಳಚುವುದು, ಹೊಸದನ್ನು ಕೂರಿಸುವುದು, ಬಟ್ಟೆಯ ತುದಿಗೆ ದಾರ ಹಾಕುವುದು, ಎಲ್ಲವೂ ಕೈಗಳ ಹತ್ತಿರದಿಂದಲೇ ಕಾಣಬೇಕು. ಮಾತು ಎರಡೇ ಸಾಲು, ಅಜ್ಜನದೊಂದು, ರಿಪೇರಿ ಮಾಡುವವರದೊಂದು:

"ಇದು ಇನ್ನು ಬಿಸಾಡುವುದೇ ಅಲ್ವಾ?"

"ಬಿಸಾಡುದು ಯಾಕೆ ಮಾರಾಯ್ರೇ? ಕೂತ್ಕೊಳ್ಳಿ, ಈಗ ಮಾಡಿ ಕೊಡ್ತೇನೆ."

ಬಳಿಕ ಆರು ಸೆಕೆಂಡು ಅದೇ ಕೊಡೆ ಮಳೆಯಲ್ಲಿ. ಕೊನೆಯ ಏಳು ಅಂಗಡಿಯ ಹೆಸರಿಗೆ, ಗುರುತಿಗೆ ಮತ್ತು ಒಂದು ಕೋರಿಕೆಗೆ: "ಮನೆಯಲ್ಲಿ ಮುರಿದ ಕೊಡೆ ಇದ್ದರೆ ಈ ವಾರವೇ ತನ್ನಿ." "ಒಮ್ಮೆ ಭೇಟಿ ಕೊಡಿ" ಎಂದರೆ ನೋಡುವವನಿಗೆ ಏನು ಹಿಡಿದು, ಯಾವಾಗ ಬರಬೇಕೆಂದು ಗೊತ್ತಾಗದು. ಹತ್ತಂಕಿಯ ಫೋನ್ ನಂಬರನ್ನು ಬಾಯಲ್ಲಿ ಹೇಳಿಸಬೇಡಿ, ಇರುವ ಏಳು ಸೆಕೆಂಡನ್ನೂ ಅದೇ ನುಂಗುತ್ತದೆ. ತೆರೆಯ ಮೇಲೆ ಸಾಕು. ಧ್ವನಿ ಆರಿಸಿ ಮೊಬೈಲಿನಲ್ಲಿ ನೋಡುವವರಿಗಾಗಿ ಕೋರಿಕೆಯೂ ಅಕ್ಷರದಲ್ಲಿರಲಿ. ಮಾತು ತುಳುವಿನಲ್ಲಿದ್ದರಂತೂ ಕನ್ನಡದ ಸಾಲು ಕೆಳಗೆ ಬೇಕೇ ಬೇಕು.

ಬರೆದಾದ ಮೇಲೆ ಸ್ಟಾಪ್‌ವಾಚ್ ಹಿಡಿದು ಎದ್ದು ನಿಂತು ಅಭಿನಯಿಸುತ್ತಾ ಓದಬೇಕು. ಕೂತು ಓದಿದಾಗ ನಲವತ್ತೈದಕ್ಕೆ ಮುಗಿದದ್ದು, ಕೊಡೆ ಬಿಡಿಸಿ ಮಡಚುವಾಗ ಅರುವತ್ತಕ್ಕೆ ಹೋಗುತ್ತದೆ. ಆಗ ವೇಗ ಹೆಚ್ಚಿಸುವುದಲ್ಲ, ಒಂದು ದೃಶ್ಯ ತೆಗೆಯುವುದೇ ದಾರಿ. ಇನ್ನೊಂದು ಪರೀಕ್ಷೆ: ಅಂಗಡಿಯ ಹೆಸರು ಮುಚ್ಚಿ ಓದಿ. ಬೇರೆ ಕೊಡೆ ಅಂಗಡಿಗೂ ಹೊಂದುವಂತಿದ್ದರೆ ಮತ್ತೆ ಬರೆಯಬೇಕು.

ಚಿತ್ರೀಕರಣ ಬೇಸಿಗೆಯಲ್ಲೇ ನಡೆಯುವುದರಿಂದ ಮಳೆಯನ್ನು ಮಾಡಿನಿಂದ ಪೈಪಿನಲ್ಲಿ ಸುರಿಸಬೇಕು. ಹಿಂದಿನಿಂದ ಬೆಳಕು ಬೀಳದಿದ್ದರೆ ಆ ಹನಿಗಳು ಕ್ಯಾಮೆರಾಗೆ ಸರಿಯಾಗಿ ಕಾಣುವುದಿಲ್ಲ. ಆದ್ದರಿಂದ ಮಳೆಯನ್ನು ಎರಡೇ ಕಡೆ, ಸಣ್ಣ ಚೌಕಟ್ಟಿನಲ್ಲಿ ಬರೆದರೆ ಚಿಕ್ಕ ಅಂಗಡಿಯ ಖರ್ಚಿಗೂ ಸರಿಹೋಗುತ್ತದೆ. ತುಳು ಸಿನಿಮಾದ ನಡುವೆ ಥಿಯೇಟರಿನಲ್ಲಿ ತೋರಿಸುವ ಯೋಚನೆ ಇದ್ದರೆ ಜಾಹೀರಾತು ಚಿತ್ರಕ್ಕೂ ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಬೇಕು. ಜೂನ್ ಮಳೆಗೆ ಬೇಕಾದ ಚಿತ್ರದ ಬರವಣಿಗೆಯನ್ನು ಮಾರ್ಚಿನಲ್ಲೇ ಮುಗಿಸಿಕೊಳ್ಳಿ.