ಒಂದೊಂದು ಆರೋಪಕ್ಕೂ ಒಂದೊಂದು ತೀರ್ಮಾನ

2009ರಲ್ಲಿ ಗೋವಾ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರ ಮೇಲೆ ವಿದ್ಯಾರ್ಥಿನಿಯರು ಲೈಂಗಿಕ ಕಿರುಕುಳದ ದೂರು ಕೊಟ್ಟರು. ಸಮಿತಿ ವಿಚಾರಣೆ ನಡೆಸಿ ಆರೋಪ ಸಾಬೀತಾಗಿದೆ ಎಂದಿತು. ಪ್ರಾಧ್ಯಾಪಕರು ಕೆಲಸ ಕಳೆದುಕೊಂಡರು. ಪ್ರಕರಣ ಬಾಂಬೆ ಹೈಕೋರ್ಟ್ ದಾಟಿ ಸುಪ್ರೀಂ ಕೋರ್ಟ್ ತಲುಪಿತು. 2023ರ ಮೇ 12ರಂದು ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದುಮಾಡಿ, ವಿಚಾರಣೆಯನ್ನು ಮತ್ತೆ ನಡೆಸುವಂತೆ ಹೇಳಿತು. ಆರೋಪ ಸುಳ್ಳು ಎಂದು ನ್ಯಾಯಾಲಯ ಹೇಳಲಿಲ್ಲ. ಸಮಿತಿ ಅವಸರದಲ್ಲಿ ಬೆನ್ನುಬೆನ್ನಿಗೆ ಸಭೆ ನಡೆಸಿ, ಆರೋಪಕ್ಕೆ ಗುರಿಯಾದವರಿಗೆ ತಮ್ಮ ಮಾತು ಹೇಳಿಕೊಳ್ಳಲು ತಕ್ಕಷ್ಟು ಕಾಲಾವಕಾಶ ಕೊಡಲಿಲ್ಲ ಎಂಬುದಷ್ಟೇ ಅದರ ಆಕ್ಷೇಪ. ಹದಿನಾಲ್ಕು ವರ್ಷ ಕಳೆದ ಮೇಲೂ ದೂರು ಕೊಟ್ಟವರಿಗೆ ಉತ್ತರ ಸಿಗಲಿಲ್ಲ. ದೂರಿಗೆ ಗುರಿಯಾದವರಿಗೂ ಸಿಗಲಿಲ್ಲ.

ವಿಚಾರಣಾ ಸಮಿತಿಯ ವರದಿ ಹೇಗಿರಬೇಕು ಎಂಬ ಪ್ರಶ್ನೆಯ ತೂಕ ಇದರಿಂದ ತಿಳಿಯುತ್ತದೆ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯಲು 2013ರಲ್ಲಿ ಬಂದ ಕಾಯ್ದೆಯ ಪ್ರಕಾರ, ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಸಂಸ್ಥೆಯಲ್ಲೂ ಆಂತರಿಕ ಸಮಿತಿ ಇರಬೇಕು. ಹಿರಿಯ ಹುದ್ದೆಯ ಮಹಿಳೆಯೇ ಅದರ ಅಧ್ಯಕ್ಷೆ. ಸದಸ್ಯರಲ್ಲಿ ಕನಿಷ್ಠ ಅರ್ಧದಷ್ಟು ಮಹಿಳೆಯರಿರಬೇಕು, ಒಬ್ಬರು ಸಂಸ್ಥೆಯ ಹೊರಗಿನವರಾಗಿರಬೇಕು. ಇವರಲ್ಲಿ ಹೆಚ್ಚಿನವರು ವಕೀಲರೂ ಅಲ್ಲ, ನ್ಯಾಯಾಧೀಶರೂ ಅಲ್ಲ. ಅಕೌಂಟ್ಸ್, ಉತ್ಪಾದನೆ, ಮಾನವ ಸಂಪನ್ಮೂಲ ವಿಭಾಗಗಳಲ್ಲಿ ದಿನನಿತ್ಯದ ಕೆಲಸ ಮಾಡುವವರು. ಇಂಥವರು ಬರೆಯುವ ಹತ್ತು ಪುಟದ ವರದಿಯ ಮೇಲೆ ಇಬ್ಬರ ಬದುಕು ನಿಂತಿರುತ್ತದೆ.

ಒಂದು ಕಲ್ಪಿತ ಪ್ರಕರಣವನ್ನು ಹಿಡಿದು ಆ ವರದಿ ಹೇಗೆ ರೂಪುಗೊಳ್ಳುತ್ತದೆ ಎಂದು ನೋಡೋಣ. ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಕಾರ್ಖಾನೆ. ಕ್ವಾಲಿಟಿ ವಿಭಾಗದ ಕಿರಿಯ ಇನ್‌ಸ್ಪೆಕ್ಟರ್ ಒಬ್ಬರು ತಮ್ಮ ಮ್ಯಾನೇಜರ್ ಮೇಲೆ ಏಪ್ರಿಲ್ 18ರಂದು ದೂರು ಕೊಡುತ್ತಾರೆ. ಮಾರ್ಚ್ ಮೊದಲ ವಾರದಿಂದ ರಾತ್ರಿ ಹೊತ್ತು ಬೇಡದ ವಾಟ್ಸಾಪ್ ಸಂದೇಶ ಕಳಿಸಿದರು, ಮಾರ್ಚ್ 12ರ ಸಂಜೆ ಸ್ಟೋರ್ ರೂಮಿನಲ್ಲಿ ಕೈ ಹಿಡಿದು ಎಳೆದರು, ಒಪ್ಪದ ಸಿಟ್ಟಿಗೆ ವಾರ್ಷಿಕ ಅಪ್ರೈಸಲ್‌ನಲ್ಲಿ ಕಡಿಮೆ ಅಂಕ ಕೊಟ್ಟರು ಎಂಬುದು ದೂರು. ಮ್ಯಾನೇಜರ್ ಮೂರನ್ನೂ ಅಲ್ಲಗಳೆಯುತ್ತಾರೆ.

ಮೊದಲ ಹೆಜ್ಜೆ: ದೂರನ್ನು ಬಿಡಿಸಿಕೊಳ್ಳುವುದು

ಘಟನೆಯಾದ ಮೂರು ತಿಂಗಳೊಳಗೆ ದೂರು ಕೊಡಬೇಕು, ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳವರೆಗೆ ಅವಕಾಶ ಕೊಡಬಹುದು. ಈ ದೂರು ಅವಧಿಯೊಳಗೇ ಇದೆ. ಹಾಗಾಗಿ ಐದು ವಾರ ಏಕೆ ಸುಮ್ಮನಿದ್ದಿರಿ ಎಂಬ ಪ್ರಶ್ನೆ ದೂರನ್ನು ತಳ್ಳಿಹಾಕಲು ಕಾರಣವಾಗಬಾರದು. ದೂರು ಬಂದ ಏಳು ಕೆಲಸದ ದಿನಗಳೊಳಗೆ ಅದರ ಪ್ರತಿ ಮ್ಯಾನೇಜರ್ ಕೈಸೇರಬೇಕು. ಅವರು ಹತ್ತು ಕೆಲಸದ ದಿನಗಳೊಳಗೆ ತಮ್ಮ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡಬೇಕು. ಇಡೀ ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿಯ ಮುಂದೆ ಯಾರ ಪರವಾಗಿಯೂ ವಕೀಲರು ಹಾಜರಾಗುವಂತಿಲ್ಲ.

ಅನುಭವವಿಲ್ಲದ ಸಮಿತಿ ಇಲ್ಲೇ ಎಡವುತ್ತದೆ. ‘ಕಿರುಕುಳ ಆಗಿದೆಯೇ ಇಲ್ಲವೇ’ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ಕೂರುತ್ತದೆ. ಆಗ ಒಂದು ಆರೋಪದ ಬಲ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ, ಇಲ್ಲವೇ ಒಂದರ ದೌರ್ಬಲ್ಯ ಎಲ್ಲವನ್ನೂ ಕೆಡವುತ್ತದೆ. ಸರಿಯಾದ ಸಮಿತಿ ಮೂರು ಆರೋಪಗಳನ್ನು ಮೂರಾಗಿಯೇ ಬರೆದುಕೊಂಡು, ಪ್ರತಿಯೊಂದರ ಕೆಳಗೆ ಯಾವುದನ್ನು ಇಬ್ಬರೂ ಒಪ್ಪುತ್ತಾರೆ, ಯಾವುದರಲ್ಲಿ ತಕರಾರಿದೆ ಎಂದು ಗುರುತು ಮಾಡಿಕೊಳ್ಳುತ್ತದೆ. ಇಬ್ಬರೂ ಒಪ್ಪಿದ್ದಕ್ಕೆ ಸಾಕ್ಷಿ ಹುಡುಕುವ ಅಗತ್ಯವಿಲ್ಲ. ತಕರಾರಿರುವ ಕಡೆಗಷ್ಟೇ ವಿಚಾರಣೆಯ ಶ್ರಮ ಹೋಗಬೇಕು.

ಸಾಕ್ಷ್ಯ ತೂಗುವ ಬಗೆ

ಕ್ರಿಮಿನಲ್ ನ್ಯಾಯಾಲಯದಲ್ಲಿ ಅನುಮಾನಕ್ಕೆ ಎಡೆಯಿಲ್ಲದಂತೆ ಅಪರಾಧ ರುಜುವಾಗಬೇಕು. ಇಲಾಖಾ ವಿಚಾರಣೆಯಲ್ಲಿ ಅಷ್ಟು ಬೇಕಿಲ್ಲ. ಮುಂದಿರುವ ಸಾಕ್ಷ್ಯವನ್ನೆಲ್ಲ ನೋಡಿದರೆ, ಘಟನೆ ನಡೆದಿರುವ ಸಂಭವ ನಡೆಯದಿರುವ ಸಂಭವಕ್ಕಿಂತ ಹೆಚ್ಚು ಎಂದು ಕಾಣಬೇಕು. ಹಾಗೆಂದು ಊಹೆಯ ಮೇಲೆ ತೀರ್ಮಾನ ಮಾಡಬಹುದು ಎಂದರ್ಥವಲ್ಲ. ಯಾವ ಸಾಕ್ಷ್ಯದಿಂದ ಆ ತೀರ್ಮಾನಕ್ಕೆ ಬಂದೆವು ಎಂದು ಸಮಿತಿ ಬರೆದು ತೋರಿಸಬೇಕು.

ಸಂದೇಶಗಳ ಆರೋಪವನ್ನು ಮೊದಲು ನೋಡೋಣ. ದೂರುದಾರೆ ಕೊಟ್ಟ ಸ್ಕ್ರೀನ್‌ಶಾಟ್‌ಗಳಲ್ಲಿ ಹನ್ನೊಂದು ಸಂದೇಶಗಳಿವೆ. ಹಿಂದುಮುಂದಿನ ಮಾತು ಕತ್ತರಿಸಿದ್ದಾರೆ ಎಂಬುದು ಮ್ಯಾನೇಜರ್ ಆಕ್ಷೇಪ. ಆಕ್ಷೇಪ ನ್ಯಾಯವಾದದ್ದೇ. ಸಮಿತಿ ದೂರುದಾರೆಯ ಫೋನಿನಲ್ಲೇ ಇಡೀ ಸಂಭಾಷಣೆಯನ್ನು ಓದಿ, ಪ್ರತಿ ತೆಗೆದುಕೊಂಡು, ಅದನ್ನು ಮ್ಯಾನೇಜರ್‌ಗೂ ತೋರಿಸಿತು. ಹನ್ನೊಂದರಲ್ಲಿ ನಾಲ್ಕು ಮರುದಿನದ ತಪಾಸಣೆಗೆ ಸಂಬಂಧಿಸಿದವು. ಅವನ್ನು ಆರೋಪದಿಂದ ಕೈಬಿಡಲಾಯಿತು. ಉಳಿದ ಏಳು ಆಕೆಯ ಫೋಟೋ, ಉಡುಪು, ಒಬ್ಬರೇ ಸಿಗುವಂತೆ ಒತ್ತಾಯದ ಬಗ್ಗೆ ಇದ್ದವು, ಅಷ್ಟೂ ರಾತ್ರಿ ಹತ್ತರ ನಂತರದವು. ‘ಅವರೂ ಗುಡ್‌ನೈಟ್ ಸರ್ ಎಂದು ಉತ್ತರ ಕೊಟ್ಟಿದ್ದಾರೆ’ ಎಂಬ ವಾದವನ್ನು ಸಮಿತಿ ದಾಖಲಿಸಿಕೊಂಡಿತು. ಆದರೆ ಐದನೆಯ ಸಂದೇಶಕ್ಕೆ ಆಕೆ ‘ಸರ್, ಇಂಥ ಮೆಸೇಜ್ ಬೇಡ’ ಎಂದು ಬರೆದಿದ್ದರು, ಅದಾದ ಮೇಲೂ ಎರಡು ಬಂದಿದ್ದವು. ತನ್ನ ಅಪ್ರೈಸಲ್ ಬರೆಯುವ ಅಧಿಕಾರಿಗೆ ಕಿರಿಯ ನೌಕರಳು ವಿನಯದಿಂದ ಉತ್ತರಿಸಿದ್ದನ್ನು ಒಪ್ಪಿಗೆ ಎನ್ನಲಾಗದು. ತೀರ್ಮಾನ: ಏಳು ಸಂದೇಶಗಳ ಮಟ್ಟಿಗೆ ಆರೋಪ ಸಾಬೀತು.

ಎರಡನೆಯ ಆರೋಪ ಕಷ್ಟದ್ದು. ಸ್ಟೋರ್ ರೂಮಿನೊಳಗೆ ಕ್ಯಾಮೆರಾ ಇಲ್ಲ, ಕಣ್ಣಾರೆ ಕಂಡವರು ಯಾರೂ ಇಲ್ಲ ಎನ್ನುತ್ತಾರೆ ದೂರುದಾರೆ. ತಾನು ಆರೂವರೆವರೆಗೆ ಮೀಟಿಂಗ್‌ನಲ್ಲಿದ್ದೆ ಎನ್ನುತ್ತಾರೆ ಮ್ಯಾನೇಜರ್. ಸ್ಟೋರ್‌ಕೀಪರ್ ಅವರ ಪರ ಸಾಕ್ಷಿ: ‘ನಾನು ಅಲ್ಲೇ ಇದ್ದೆ, ಏನೂ ನಡೆಯಲಿಲ್ಲ.’ ಒಬ್ಬರ ಮಾತಿಗೆ ಎದುರಾಗಿ ಇಬ್ಬರ ಮಾತು ಎಂದು ತಲೆ ಎಣಿಸಿದರೆ ಕಥೆ ಮುಗಿಯಿತು. ಸಮಿತಿ ಹಾಗೆ ಎಣಿಸದೆ, ಯಾರ ಪಕ್ಷವೂ ಅಲ್ಲದ ದಾಖಲೆಗಳನ್ನು ತರಿಸಿತು.

ಮೀಟಿಂಗಿನ ಹಾಜರಿ ಪುಸ್ತಕದಲ್ಲಿ ಐದೂವರೆಗೆ ಮಾಡಿದ ಸಹಿ ಇದೆ, ಎದ್ದು ಹೋದ ವೇಳೆ ಇಲ್ಲ. ಮೊಗಸಾಲೆಯ ಸಿಸಿಟಿವಿಯಲ್ಲಿ 6.10ಕ್ಕೆ ದೂರುದಾರೆ, ಹಿಂದೆಯೇ ಮ್ಯಾನೇಜರ್ ಸ್ಟೋರ್ ರೂಮಿಗೆ ಹೋಗುವುದು ಕಾಣುತ್ತದೆ. ಎರಡು ನಿಮಿಷದಲ್ಲಿ ಆಕೆ ಬಿರಬಿರನೆ ಹೊರಬರುತ್ತಾರೆ. ಗೇಟ್ ರಿಜಿಸ್ಟರ್ ಪ್ರಕಾರ ಸ್ಟೋರ್‌ಕೀಪರ್ 5.45ಕ್ಕೇ ಕಾರ್ಖಾನೆ ಬಿಟ್ಟಿದ್ದರು. ಆಕೆ 6.15ಕ್ಕೆ ಸಹೋದ್ಯೋಗಿಗೆ ಫೋನ್ ಮಾಡಿದ್ದು ಕರೆಯ ದಾಖಲೆಯಲ್ಲಿದೆ. ಆಕೆ ಅಳುತ್ತ ಕೈ ಹಿಡಿದ ವಿಷಯ ಹೇಳಿದರು ಎಂದು ಆ ಸಹೋದ್ಯೋಗಿಯ ಹೇಳಿಕೆ. ಮರುದಿನವೇ ಆಕೆ ಶಿಫ್ಟ್ ಬದಲಾವಣೆ ಕೇಳಿ ಇಮೇಲ್ ಕಳಿಸಿದ್ದಾರೆ.

ಮ್ಯಾನೇಜರ್ ಪಾಟೀಸವಾಲಿನಲ್ಲಿ ಒಂದು ವ್ಯತ್ಯಾಸ ಎತ್ತಿದರು. ದೂರಿನಲ್ಲಿ ಘಟನೆಯ ವೇಳೆ ಆರೂವರೆ ಎಂದಿದೆ, ಹೇಳಿಕೆಯಲ್ಲಿ ಆರು ಗಂಟೆ ಎಂದಿದೆ. ಇಲ್ಲಿ ಸಮಿತಿಗೆ 1999ರ ಸುಪ್ರೀಂ ಕೋರ್ಟ್ ತೀರ್ಪೊಂದು ದಾರಿ ತೋರುತ್ತದೆ. ಉಡುಪು ರಫ್ತು ಉತ್ತೇಜನ ಮಂಡಳಿಯ ಪ್ರಕರಣದಲ್ಲಿ ನ್ಯಾಯಾಲಯ, ಇಂಥ ವಿಷಯಗಳಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳಿಗೆ ಮಾರುಹೋಗದೆ ಇಡೀ ಪ್ರಕರಣದ ಸಂಭಾವ್ಯತೆಯನ್ನು ನೋಡಬೇಕು ಎಂದಿತ್ತು. ಸಂಜೆಯ ಅರ್ಧ ಗಂಟೆಯ ಅಂದಾಜು ತಪ್ಪುವುದು ಸಹಜ. ನಡೆದದ್ದೇನು ಎಂಬ ಮೂಲ ವಿವರ ಎರಡೂ ಕಡೆ ಒಂದೇ ಆಗಿದೆ. ಆ ವ್ಯತ್ಯಾಸವನ್ನು ಸಮಿತಿ ವರದಿಯಲ್ಲಿ ಮುಚ್ಚಿಡದೆ ಬರೆದು, ಏಕೆ ಅದು ತೀರ್ಮಾನವನ್ನು ಬದಲಿಸುವುದಿಲ್ಲ ಎಂದು ವಿವರಿಸಿತು. ತೀರ್ಮಾನ: ಸಾಬೀತು.

ಮೂರನೆಯ ಆರೋಪಕ್ಕೆ ಅಪ್ರೈಸಲ್ ತಂತ್ರಾಂಶದ ದಾಖಲೆ ತರಿಸಲಾಯಿತು. ಮ್ಯಾನೇಜರ್ ಅಂಕ ಹಾಕಿದ್ದು ಫೆಬ್ರವರಿ 20ರಂದು, ಅಂದರೆ ಮೊದಲ ಸಂದೇಶಕ್ಕೂ ಮುಂಚೆ. ಆಮೇಲೆ ಅದನ್ನು ತಿದ್ದಿಲ್ಲ. ಆಕೆಗೆ ಪತ್ರ ಸಿಕ್ಕಿದ್ದು ಏಪ್ರಿಲ್‌ನಲ್ಲಿ, ಹಾಗಾಗಿ ಸೇಡು ಎಂದು ಆಕೆಗೆ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ತೀರ್ಮಾನ: ಸಾಬೀತಾಗಿಲ್ಲ. ಸಾಬೀತಾಗದ್ದನ್ನೆಲ್ಲ ಸುಳ್ಳು ದೂರು ಎನ್ನುವಂತಿಲ್ಲ ಎಂದು ಕಾಯ್ದೆಯ 14ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ದುರುದ್ದೇಶವಿತ್ತು ಎಂದು ಬೇರೆಯೇ ವಿಚಾರಣೆಯಿಂದ ಕಂಡುಬಂದರೆ ಮಾತ್ರ ದೂರುದಾರೆಯ ಮೇಲೆ ಕ್ರಮ ಸಾಧ್ಯ.

ಶಿಕ್ಷೆಗೆ ಮೊದಲು ಇನ್ನೊಂದು ಅವಕಾಶ

ಇಬ್ಬರೂ ಅದೇ ಸಂಸ್ಥೆಯ ನೌಕರರಾಗಿದ್ದರೆ, ಸಮಿತಿ ತನ್ನ ತೀರ್ಮಾನದ ಪ್ರತಿಯನ್ನು ಇಬ್ಬರಿಗೂ ಕೊಟ್ಟು ಆಕ್ಷೇಪ ಕೇಳಬೇಕು. ಅನೇಕ ಕಡೆ ಈ ಹೆಜ್ಜೆ ತಪ್ಪಿಹೋಗಿ, ಮೇಲ್ಮನವಿಯಲ್ಲಿ ಇಡೀ ವರದಿ ಬಿದ್ದುಹೋಗುವ ಅಪಾಯ ಎದುರಾಗುತ್ತದೆ.

ಆಮೇಲೆ ಶಿಫಾರಸು. ಸಂಸ್ಥೆಯ ಸೇವಾ ನಿಯಮಗಳಿದ್ದರೆ ಅವುಗಳ ಪ್ರಕಾರವೇ ಶಿಕ್ಷೆ ಸೂಚಿಸಬೇಕು. ಇಲ್ಲದಿದ್ದರೆ ಕಾಯ್ದೆಯ ನಿಯಮಗಳಲ್ಲಿ ಪಟ್ಟಿಯಿದೆ: ಲಿಖಿತ ಕ್ಷಮಾಪಣೆ, ಎಚ್ಚರಿಕೆ, ಛೀಮಾರಿ, ಬಡ್ತಿ ಅಥವಾ ಇನ್‌ಕ್ರಿಮೆಂಟ್ ತಡೆ, ಕೆಲಸದಿಂದ ತೆಗೆಯುವುದು, ಆಪ್ತಸಮಾಲೋಚನೆ, ಸಮುದಾಯ ಸೇವೆ. ಸಾಬೀತಾದ ಕೃತ್ಯಕ್ಕೆ ತಕ್ಕದ್ದನ್ನು ಆಯ್ದುಕೊಳ್ಳಬೇಕು. ಸಾಬೀತಾಗದ ಮೂರನೆಯ ಆರೋಪದ ನೆರಳು ಇಲ್ಲಿ ಬೀಳಬಾರದು.

ನಮ್ಮ ಪ್ರಕರಣದಲ್ಲಿ ಬರೀ ಎಚ್ಚರಿಕೆ ಸಾಲದು. ಕೃತ್ಯ ಮಾಡಿದವರು ಮೇಲಧಿಕಾರಿ, ಬೇಡ ಎಂದ ಮೇಲೂ ಮುಂದುವರಿದಿದ್ದಾರೆ, ಮೈ ಮುಟ್ಟಿದ್ದಾರೆ. ‘ಕೈ ಹಿಡಿದದ್ದಷ್ಟೇ ತಾನೆ’ ಎಂಬ ಮಾತು ನಿಲ್ಲುವುದಿಲ್ಲ. 1999ರ ಅದೇ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಮೈ ಮುಟ್ಟುವ ಪ್ರಯತ್ನ ಮಾತ್ರವಿತ್ತು ಎಂಬ ವಾದವನ್ನು ತಳ್ಳಿ, ಅಧಿಕಾರಿಯ ವಜಾವನ್ನು ಎತ್ತಿಹಿಡಿದಿತ್ತು. ಇನ್ನೊಂದು ಕಡೆ, ಒಂದು ಘಟನೆ, ಏಳು ಸಂದೇಶ, ಹಿಂದಿನ ಸೇವೆಯಲ್ಲಿ ಯಾವ ದೂರೂ ಇಲ್ಲ ಎಂಬುದನ್ನು ಈ ಸಮಿತಿ ಪರಿಗಣಿಸಿತು. ಎರಡು ಇನ್‌ಕ್ರಿಮೆಂಟ್ ತಡೆ, ಮುಂದಿನ ಎರಡು ವರ್ಷ ಬಡ್ತಿ ಇಲ್ಲ, ದೂರುದಾರೆಯ ಮೇಲುಸ್ತುವಾರಿಯಿಂದ ದೂರವಿರುವ ವಿಭಾಗಕ್ಕೆ ಮ್ಯಾನೇಜರ್ ವರ್ಗ, ಲಿಖಿತ ಕ್ಷಮಾಪಣೆ, ಆಪ್ತಸಮಾಲೋಚನೆ ಎಂದು ಶಿಫಾರಸು ಮಾಡಿತು. ವರ್ಗವಾಗುವುದು ಮ್ಯಾನೇಜರ್, ದೂರು ಕೊಟ್ಟವರಲ್ಲ. ಚಿಕಿತ್ಸೆಗೆ ಆಕೆ ಖರ್ಚು ಮಾಡಿದ್ದು, ಮಾನಸಿಕ ಯಾತನೆ, ಮ್ಯಾನೇಜರ್ ಆದಾಯ ಇವುಗಳನ್ನು ನೋಡಿ ಪರಿಹಾರದ ಮೊತ್ತವನ್ನು ಅವರ ಸಂಬಳದಿಂದ ಕಂತಿನಲ್ಲಿ ಕಳೆಯಲು ಸೂಚಿಸಿತು. ಪ್ರತಿ ಶಿಫಾರಸಿನ ಪಕ್ಕದಲ್ಲೂ ಕಾರಣ ಇತ್ತು.

ವಿಚಾರಣೆ ಮುಗಿದ ಹತ್ತು ದಿನಗಳೊಳಗೆ ವರದಿ ಮಾಲೀಕರಿಗೂ ಇಬ್ಬರಿಗೂ ತಲುಪಬೇಕು. ಅದಾದ 60 ದಿನಗಳೊಳಗೆ ಮಾಲೀಕರು ಶಿಫಾರಸನ್ನು ಜಾರಿಮಾಡಬೇಕು. ಹೆಸರು, ವಿಳಾಸ, ವಿವರಗಳನ್ನು ಹೊರಗೆ ಬಿಟ್ಟವರಿಗೆ 5,000 ರೂಪಾಯಿ ದಂಡವಿದೆ.

ನಿಮ್ಮ ಕೈಗೆ ಇಂಥ ವರದಿ ಬಂದರೆ, ದೂರು ಕೊಟ್ಟವರಾಗಿರಲಿ, ದೂರಿಗೆ ಗುರಿಯಾದವರಾಗಿರಲಿ, ಕೊನೆಯ ಪುಟದ ಶಿಕ್ಷೆಯನ್ನಷ್ಟೇ ಓದಬೇಡಿ. ಪ್ರತಿ ಆರೋಪಕ್ಕೂ ಬೇರೆ ಬೇರೆ ತೀರ್ಮಾನ ಇದೆಯೇ, ನಿಮ್ಮ ಸಾಕ್ಷ್ಯವನ್ನು ಏಕೆ ಒಪ್ಪಿದರು ಅಥವಾ ಬಿಟ್ಟರು ಎಂದು ಬರೆದಿದ್ದಾರೆಯೇ, ಶಿಕ್ಷೆ ಸಾಬೀತಾದ ಕೃತ್ಯಕ್ಕೆ ಮಾತ್ರ ಅಂಟಿಕೊಂಡಿದೆಯೇ ಎಂದು ನೋಡಿ. ಇಲ್ಲದಿದ್ದರೆ ಶಿಫಾರಸು ಬಂದ 90 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಕಾಯ್ದೆ ಇಬ್ಬರಿಗೂ ಹಕ್ಕು ಕೊಟ್ಟಿದೆ. ಅವಧಿ ಮೀರುವ ಮುನ್ನ ಅದನ್ನು ಬಳಸಿಕೊಳ್ಳಿ.