ಮೊದಲ ಊಹೆ ಯಾವುದಿರಬೇಕು? – ಐದಕ್ಷರದ ಆಟದಲ್ಲಿ ಎಂಟ್ರೊಪಿ

ಐದು ಅಕ್ಷರದ ಪದವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಎದುರಿನವರಿಂದ ಊಹಿಸುವ ಆಟವನ್ನು ನೀವು ಆಡಿರಬಹುದು. ಇಂಗ್ಲಿಷಿನಲ್ಲಿ ಇದರ ಒಂದು ರೂಪ ‘ವರ್ಡ್ಲ್’ ಎಂಬ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಜಾಶ್ ವಾರ್ಡಲ್ ಎಂಬ ತಂತ್ರಜ್ಞರು ಇದನ್ನು 2021ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ಒದಗಿಸಿದರು. 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇದನ್ನು ಕೊಂಡಿತು. ನೀವು ಒಂದು ಪದವನ್ನು ಊಹಿಸಿದರೆ ಅದರ ಪ್ರತಿ ಅಕ್ಷರಕ್ಕೂ ಒಂದು ಬಣ್ಣ ಸಿಗುತ್ತದೆ. ಅಕ್ಷರ ಸರಿಯಾದ ಸ್ಥಾನದಲ್ಲೇ ಇದ್ದರೆ ಹಸಿರು, ಪದದಲ್ಲಿ ಬೇರೆ ಸ್ಥಾನದಲ್ಲಿದ್ದರೆ ಹಳದಿ, ಇಲ್ಲವೇ ಇಲ್ಲದಿದ್ದರೆ ಬೂದು. ಉತ್ತರದಲ್ಲಿ ಒಂದೇ ಬಾರಿ ಬರುವ ಅಕ್ಷರವನ್ನು ನೀವು ಎರಡು ಬಾರಿ ಬಳಸಿದ್ದರೆ ಒಂದಕ್ಕೆ ಮಾತ್ರ ಬಣ್ಣ ಬರುತ್ತದೆ.

ಈ ಆಟದಲ್ಲಿ ಮೊದಲ ಊಹೆಯನ್ನು ಹೇಗೆ ಆರಿಸಬೇಕು? ‘ಉತ್ತರವಾಗುವ ಸಂಭವ ಹೆಚ್ಚಿರುವ ಪದವನ್ನು’ ಎಂದು ಹಲವರು ಹೇಳುತ್ತಾರೆ. ಎಲ್ಲ ಪದಗಳಿಗೂ ಸಮಾನ ಸಂಭವವಿದ್ದರೆ ಈ ಸಲಹೆಯಿಂದ ಏನೂ ದಕ್ಕುವುದಿಲ್ಲ. ಆದರೂ ಕೆಲವು ಊಹೆಗಳು ಉಳಿದವುಗಳಿಗಿಂತ ಬಹಳ ಉತ್ತಮ. ಏಕೆಂಬುದನ್ನು ನಮ್ಮ ಊರುಗಳ ಹೆಸರುಗಳಲ್ಲೇ ನೋಡೋಣ.

ಹದಿನಾರು ಊರುಗಳು

2007ರಲ್ಲಿ ರಾಮನಗರ ಜಿಲ್ಲೆ ರಚನೆಯಾದಾಗ ಅದರಲ್ಲಿದ್ದ ತಾಲ್ಲೂಕುಗಳು ನಾಲ್ಕು: ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ. ಇವುಗಳಲ್ಲಿ ಮೊದಲ ಮೂರು ಹೆಸರುಗಳಿಗೆ ಸರಿಯಾಗಿ ಐದೈದು ಅಕ್ಷರಗಳಿವೆ. ಮಾಗಡಿಗೆ ಮೂರೇ ಅಕ್ಷರ. ಕೆಂಪೇಗೌಡರ ಊರಾದರೂ ಈ ಆಟದಿಂದ ಅದನ್ನು ಹೊರಗಿಡಲೇಬೇಕು. ‘ಅಕ್ಷರ’ ಎಂದರೆ ಇಲ್ಲಿ ಸ್ವರಚಿಹ್ನೆ, ಒತ್ತು, ಅನುಸ್ವಾರಗಳೂ ಸೇರಿದ ಇಡೀ ಅಕ್ಷರ. ಹಾಗಾಗಿ ಚನ್ನಪಟ್ಟಣ ಎಂಬುದು ಚ–ನ್ನ–ಪ–ಟ್ಟ–ಣ. ಈ ಲೆಕ್ಕದಲ್ಲಿ ರಾ ಮತ್ತು ರ ಬೇರೆ ಬೇರೆ. ನ್ನ ಮತ್ತು ನ ಸಹ ಬೇರೆ.

ಈ ಮೂರರ ಜೊತೆಗೆ ರಾಜ್ಯದ ಇನ್ನೂ 13 ಐದಕ್ಷರದ ಊರುಗಳನ್ನು ಸೇರಿಸೋಣ: ವಿಜಯಪುರ, ಪಾಂಡವಪುರ, ಶಿಕಾರಿಪುರ, ದಾವಣಗೆರೆ, ಕೊರಟಗೆರೆ, ಅರಸೀಕೆರೆ, ತುರುವೇಕೆರೆ, ಬಂಗಾರಪೇಟೆ, ವಿರಾಜಪೇಟೆ, ನಾಗಮಂಗಲ, ನೆಲಮಂಗಲ, ಬೈಲಹೊಂಗಲ, ದೇವನಹಳ್ಳಿ. ಒಟ್ಟು 16. ಇವುಗಳಲ್ಲಿ ಒಂದನ್ನು ಚೀಟಿ ಎತ್ತಿ ಗುಟ್ಟಾಗಿ ಇಟ್ಟಿದ್ದೇವೆ ಎಂದಿಟ್ಟುಕೊಳ್ಳಿ.

ಈಗ ನೀವು ‘ಚನ್ನಪಟ್ಟಣ’ ಎಂದು ಊಹಿಸುತ್ತೀರಿ. ಅದೇ ಉತ್ತರವಾಗಿದ್ದರೆ ಐದೂ ಹಸಿರು. ದಾವಣಗೆರೆಯಾಗಿದ್ದರೆ ‘ಣ’ ಹಳದಿಯಾಗುತ್ತದೆ. ಉಳಿದ 14 ಊರುಗಳಲ್ಲಿ ಯಾವುದಿದ್ದರೂ ಐದೂ ಬೂದು. ಅಂದರೆ 16ಕ್ಕೆ 14ರಷ್ಟು ಸಲ ನೀವು ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತೀರಿ.

‘ಕನಕಪುರ’ ಎಂದರೆ? ವಿಜಯಪುರ, ಪಾಂಡವಪುರ, ಶಿಕಾರಿಪುರಗಳಿಗೆ ಕೊನೆಯ ಎರಡು ಅಕ್ಷರ ಹಸಿರಾಗುತ್ತವೆ. ಕೊರಟಗೆರೆ, ಅರಸೀಕೆರೆ, ಬಂಗಾರಪೇಟೆಗಳಿಗೆ ‘ರ’ ಹಳದಿ. ಕನಕಪುರ, ರಾಮನಗರ, ದೇವನಹಳ್ಳಿಗಳಿಗೆ ತಮ್ಮದೇ ಆದ ಒಂದೊಂದು ಬಣ್ಣದ ಸಾಲು. ಉಳಿದ ಏಳಕ್ಕೆ ಎಲ್ಲ ಬೂದು. ಪಟ್ಟಿಯು 1, 1, 1, 3, 3, 7 ಎಂಬ ಆರು ಗುಂಪುಗಳಾಗಿ ಒಡೆಯಿತು.

‘ರಾಮನಗರ’ ಎಂಬ ಊಹೆ ಪಟ್ಟಿಯನ್ನು ಎಂಟು ಗುಂಪುಗಳಾಗಿ ಒಡೆಯುತ್ತದೆ. ರಾಮನಗರ, ಕನಕಪುರ, ವಿರಾಜಪೇಟೆ (ಇಲ್ಲಿ ‘ರಾ’ ಹಳದಿ), ದೇವನಹಳ್ಳಿ (‘ನ’ ಹಸಿರು) ಒಂಟಿಯಾಗಿ ಬೇರ್ಪಡುತ್ತವೆ. ಉಳಿದ 12 ಊರುಗಳು ಮೂರು ಮೂರರ ನಾಲ್ಕು ಗುಂಪುಗಳಾಗುತ್ತವೆ: ಕೊನೆಯ ‘ರ’ ಮಾತ್ರ ಹಸಿರಾಗುವ ಮೂರು ‘ಪುರ’ಗಳು, ‘ರ’ ಹಳದಿಯಾಗುವ ಕೊರಟಗೆರೆ, ಅರಸೀಕೆರೆ, ಬಂಗಾರಪೇಟೆ, ‘ಗ’ ಹಸಿರಾಗುವ ನಾಗಮಂಗಲ, ನೆಲಮಂಗಲ, ಬೈಲಹೊಂಗಲ, ಎಲ್ಲವೂ ಬೂದಾಗುವ ಚನ್ನಪಟ್ಟಣ, ದಾವಣಗೆರೆ, ತುರುವೇಕೆರೆ. ಏನೇ ಬಣ್ಣ ಬರಲಿ, ಉಳಿಯುವ ಊರುಗಳು ಮೂರನ್ನು ಮೀರುವುದಿಲ್ಲ.

ಅಳೆಯುವುದು ಹೇಗೆ?

ಕ್ಲಾಡ್ ಶ್ಯಾನನ್ 1948ರಲ್ಲಿ ಪ್ರಕಟಿಸಿದ ಸಂವಹನದ ಗಣಿತ ಸಿದ್ಧಾಂತ ಇಲ್ಲಿ ನೆರವಿಗೆ ಬರುತ್ತದೆ. ಉಳಿದ ಸಾಧ್ಯತೆಗಳನ್ನು ಅರ್ಧಕ್ಕೆ ಇಳಿಸುವ ಸುದ್ದಿಯ ಬೆಲೆ ಒಂದು ಬಿಟ್. ಕಾಲು ಭಾಗಕ್ಕೆ ಇಳಿಸಿದರೆ ಎರಡು ಬಿಟ್. ಸಾಮಾನ್ಯವಾಗಿ ಹೇಳುವುದಾದರೆ, ಸಂಭವನೀಯತೆ p ಇರುವ ಘಟನೆ ನಡೆಯಿತೆಂದು ತಿಳಿದಾಗ ದೊರೆಯುವ ಮಾಹಿತಿ log₂(1/p) ಬಿಟ್. 16 ಊರುಗಳಲ್ಲಿ ಒಂದನ್ನು ಖಚಿತವಾಗಿ ಗುರುತಿಸಲು ಬೇಕಾದದ್ದು log₂ 16, ಅಂದರೆ 4 ಬಿಟ್.

ಆದರೆ ಯಾವ ಬಣ್ಣ ಬರುತ್ತದೆಂಬುದು ಊಹಿಸುವ ಮುನ್ನ ತಿಳಿದಿರುವುದಿಲ್ಲವಲ್ಲ? ಆದ್ದರಿಂದ ಸರಾಸರಿ ತೆಗೆಯಬೇಕು. ಪ್ರತಿ ಗುಂಪಿನ ಮಾಹಿತಿಯನ್ನು ಆ ಗುಂಪಿನ ಸಂಭವನೀಯತೆಯಿಂದ ಗುಣಿಸಿ ಕೂಡಿಸಿದರೆ ಸಿಗುವುದೇ ಎಂಟ್ರೊಪಿ:

H = Σ p log₂(1/p)

ರಾಮನಗರಕ್ಕೆ ಲೆಕ್ಕ ಹಾಕೋಣ. ಒಂಟಿ ಗುಂಪು ನಾಲ್ಕು; ಪ್ರತಿಯೊಂದರ p = 1/16, ಮಾಹಿತಿ 4 ಬಿಟ್. ಇವುಗಳ ಪಾಲು 4 × (1/16) × 4 = 1. ಮೂರರ ಗುಂಪೂ ನಾಲ್ಕು; p = 3/16, ಮಾಹಿತಿ log₂(16/3) = 2.415. ಇವುಗಳ ಪಾಲು 4 × (3/16) × 2.415 = 1.81. ಒಟ್ಟು 2.81 ಬಿಟ್. ಹೀಗೆಯೇ ಕನಕಪುರಕ್ಕೆ 2.18, ಚನ್ನಪಟ್ಟಣಕ್ಕೆ 0.67 ಬರುತ್ತದೆ. ಹದಿನಾರು ಊರುಗಳನ್ನೂ ಒಂದೊಂದಾಗಿ ಪರೀಕ್ಷಿಸಿದರೆ ರಾಮನಗರವೇ ಮೊದಲು. ಎರಡನೆಯ ಸ್ಥಾನ 2.31 ಬಿಟ್ ಪಡೆಯುವ ಪಾಂಡವಪುರದ್ದು. ಒಂದು ಹಾಳೆ, ಒಂದು ಕ್ಯಾಲ್ಕ್ಯುಲೇಟರ್ ಇದ್ದರೆ ವಿದ್ಯಾರ್ಥಿಗಳು ಇದನ್ನು ಒಂದು ಗಂಟೆಯೊಳಗೆ ಮಾಡಿ ಮುಗಿಸಬಹುದು.

ಎಲ್ಲ ಊಹೆಗಳೂ ಉತ್ತರವಾಗುವ ಸಂಭವ ಒಂದೇ, 1/16. ವ್ಯತ್ಯಾಸವಿರುವುದು ತಪ್ಪಾದಾಗ ಅವು ಏನನ್ನು ತಿಳಿಸುತ್ತವೆ ಎಂಬುದರಲ್ಲಿ. ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ ಬೋಲ್ಟ್ಸ್‌ಮನ್‌ರ S = k ln W ನೆನಪಾಗಬಹುದು. ಅಲ್ಲಿಯೂ ಎಣಿಸುವುದು ಸಾಧ್ಯತೆಗಳನ್ನೇ. ಬೇರೆಯಾಗಿರುವುದು ಲಾಗರಿತಮ್‌ನ ಆಧಾರಸಂಖ್ಯೆ ಮತ್ತು ಸ್ಥಿರಾಂಕ.

ಎರಡನೆಯ ಊಹೆ

ರಾಮನಗರ ಎಂದಾಗ ‘ರ’ ಹಳದಿಯಾಯಿತು ಎನ್ನಿ. ಉಳಿದವು ಕೊರಟಗೆರೆ, ಅರಸೀಕೆರೆ, ಬಂಗಾರಪೇಟೆ. ಈಗ ‘ಕೊರಟಗೆರೆ’ ಎನ್ನಿ. ಅದೇ ಆಗಿದ್ದರೆ ಆಟ ಮುಗಿಯಿತು. ಅರಸೀಕೆರೆಯಾದರೆ ‘ರ’, ‘ರೆ’ ಎರಡೂ ಹಸಿರು. ಬಂಗಾರಪೇಟೆಯಾದರೆ ‘ರ’ ಮಾತ್ರ ಹಳದಿ. ಮೂರೂ ಬೇರ್ಪಟ್ಟವು.

‘ಪುರ’ಗಳ ಗುಂಪು ಹೀಗಲ್ಲ. ವಿಜಯಪುರ ಎಂದು ಊಹಿಸಿ ತಪ್ಪಾದರೆ, ಪಾಂಡವಪುರಕ್ಕೂ ಶಿಕಾರಿಪುರಕ್ಕೂ ಒಂದೇ ಬಣ್ಣ ಬರುತ್ತದೆ. ಇಲ್ಲಿ ಎಂಟ್ರೊಪಿ 0.92 ಬಿಟ್ ಮಾತ್ರ. ಊರಿನ ಹೆಸರಲ್ಲದ ಪದವನ್ನೂ ಊಹೆಯಾಗಿ ಬಳಸಲು ಅವಕಾಶವಿದ್ದರೆ ‘ಕಾವಲುಗಾರ’ ಎಂದು ನೋಡಿ. ‘ಕಾ’ ಹಳದಿಯಾದರೆ ಶಿಕಾರಿಪುರ, ‘ವ’ ಹಳದಿಯಾದರೆ ಪಾಂಡವಪುರ, ಎರಡೂ ಬೂದಾದರೆ ವಿಜಯಪುರ. ಈ ಊಹೆಯ ಎಂಟ್ರೊಪಿ log₂ 3 = 1.58 ಬಿಟ್. ಉತ್ತರವಾಗಲು ಸಾಧ್ಯವೇ ಇಲ್ಲದ ಪದವೊಂದು ಹೆಚ್ಚು ಮಾಹಿತಿ ಕೊಡುತ್ತಿದೆ!

ಆದರೆ ಇಲ್ಲಿ ತುಸು ನಿಲ್ಲಬೇಕು. ‘ಕಾವಲುಗಾರ’ದ ದಾರಿಯಲ್ಲಿ ಯಾವಾಗಲೂ ಮೂರನೆಯ ಊಹೆಗೆ ಉತ್ತರ. ವಿಜಯಪುರದ ದಾರಿಯಲ್ಲಿ ಎರಡು, ಮೂರು ಅಥವಾ ನಾಲ್ಕನೆಯದಕ್ಕೆ, ಸರಾಸರಿ ಮೂರೇ. ಎಂಟ್ರೊಪಿಯಲ್ಲಿ ಇಷ್ಟು ಅಂತರವಿದ್ದರೂ ಸರಾಸರಿ ಊಹೆಗಳ ಸಂಖ್ಯೆಯಲ್ಲಿ ಅಂತರವೇ ಇಲ್ಲ. ಕಾರಣ, ಎಂಟ್ರೊಪಿ ಅಳೆಯುವುದು ಸಾಧ್ಯತೆಗಳು ಎಷ್ಟು ಕರಗಿದವು ಎಂಬುದನ್ನು. ‘ಈ ಊಹೆಯಲ್ಲೇ ಆಟ ಮುಗಿಯಬಹುದು’ ಎಂಬ ಲಾಭ ಅದರ ಲೆಕ್ಕದಲ್ಲಿಲ್ಲ. ಇನ್ನೆರಡೇ ಊಹೆಗಳು ಉಳಿದಿದ್ದರೆ ‘ಕಾವಲುಗಾರ’ವನ್ನೇ ಆರಿಸಿ. ಊಹೆಗಳು ಸಾಕಷ್ಟಿದ್ದರೆ ಯಾವುದಾದರೂ ಸರಿ. ಅಂದ ಹಾಗೆ, ರಾಮನಗರದಿಂದ ಆರಂಭಿಸಿ ಪ್ರತಿ ಗುಂಪಿನಲ್ಲೂ ಎಚ್ಚರಿಕೆಯಿಂದ ಆಡಿದರೆ 16 ಊರುಗಳಿಗೆ ಬೇಕಾಗುವ ಒಟ್ಟು ಊಹೆಗಳು 40, ಸರಾಸರಿ ಎರಡೂವರೆ.

ಇಂಗ್ಲಿಷ್ ಆಟದಲ್ಲೂ ಇದೇ ಮಿತಿ ಎದ್ದು ಕಾಣುತ್ತದೆ. ಅದರ ಮೂಲ ಪಟ್ಟಿಯಲ್ಲಿದ್ದ ಉತ್ತರಗಳು 2,315, ಅಂದರೆ 11.18 ಬಿಟ್. ಮೊದಲ ಊಹೆಯಾಗಿ ಅತಿ ಹೆಚ್ಚು ಎಂಟ್ರೊಪಿ ಇರುವ ಪದ SOARE, ಸುಮಾರು 5.89 ಬಿಟ್. ಆದರೆ ಆಟದ ಎಲ್ಲ ಕವಲುಗಳನ್ನೂ ಕಂಪ್ಯೂಟರಿನಲ್ಲಿ ಕೊನೆಯವರೆಗೆ ಜಾಲಾಡಿದಾಗ ಕಡಿಮೆ ಸರಾಸರಿ ಕೊಟ್ಟ ಮೊದಲ ಪದ SALET, ಸರಾಸರಿ 3.42 ಊಹೆಗಳು. ಎಂಟ್ರೊಪಿ ಒಂದು ಹೆಜ್ಜೆ ಮುಂದಷ್ಟೇ ನೋಡುತ್ತದೆ. ಆದರೂ ಅದರ ಆಯ್ಕೆ ಅತ್ಯುತ್ತಮಕ್ಕೆ ಬಹಳ ಹತ್ತಿರವಿರುತ್ತದೆ, ಲೆಕ್ಕವೂ ಸುಲಭ. ನನಗೆ ಅದೇ ಮೆಚ್ಚುಗೆ.

ಸಮಾನ ಸಂಭವ ಎಂಬ ಊಹನೆಯನ್ನೂ ಪ್ರಶ್ನಿಸಬೇಕು. ಚೀಟಿ ಎತ್ತುವ ಬದಲು ರಾಮನಗರದ ವಿದ್ಯಾರ್ಥಿಯೇ ಊರನ್ನು ಆರಿಸಿದರೆ? ತನ್ನ ಜಿಲ್ಲೆಯ ಮೂರು ಊರುಗಳಲ್ಲಿ ಪ್ರತಿಯೊಂದನ್ನು ಆರಿಸುವ ಸಂಭವ 1/4, ಉಳಿದ 13ಕ್ಕೆ ಒಟ್ಟಾಗಿ 1/4 ಎಂದುಕೊಳ್ಳಿ. ಆಗ ಗುಟ್ಟಿನ ಒಟ್ಟು ಎಂಟ್ರೊಪಿ 4 ಬಿಟ್ ಅಲ್ಲ, 2.93. ಸೂತ್ರ ಅದೇ, p ಮಾತ್ರ ಊರಿಗೊಂದು.

ಕನ್ನಡಕ್ಕೆ ಒಗ್ಗುವ ನಿಯಮ

ಚನ್ನಪಟ್ಟಣಕ್ಕೆ ಅಷ್ಟು ಕಡಿಮೆ ಅಂಕ ಏಕೆ ಬಂತು? ತಪ್ಪು ಊರಿನದಲ್ಲ, ನಿಯಮದ್ದು. ಇಂಗ್ಲಿಷಿನಲ್ಲಿ ಅಕ್ಷರ 26 ಮಾತ್ರ. ಕನ್ನಡದಲ್ಲಿ ಗುಣಿತಾಕ್ಷರ, ಒತ್ತಕ್ಷರಗಳನ್ನೆಲ್ಲ ಬೇರೆ ಬೇರೆ ಎಂದೆಣಿಸಿದರೆ ಸಾವಿರಗಟ್ಟಲೆ. ಹಾಗಾಗಿ ಎರಡು ಪದಗಳಲ್ಲಿ ಒಂದೇ ಅಕ್ಷರ ಸಿಗುವುದು ವಿರಳ, ಬಹುಪಾಲು ಬೂದು. ಸದಾ ಒಂದೇ ಉತ್ತರ ಬರುವ ಪ್ರಶ್ನೆಯಲ್ಲಿ ಮಾಹಿತಿ ಎಲ್ಲಿಂದ ಬರಬೇಕು?

ಇನ್ನೊಂದು ಬಣ್ಣ ಸೇರಿಸಿ ನೋಡಿ. ಅಕ್ಷರ ಪೂರ್ತಿ ಹೊಂದದಿದ್ದರೂ ಅದರ ವ್ಯಂಜನ ಉತ್ತರದಲ್ಲಿ ಎಲ್ಲಾದರೂ ಇದ್ದರೆ ಕೇಸರಿ. ಸಜಾತೀಯ ಒತ್ತಿರುವ ನ್ನ, ಟ್ಟಗಳನ್ನು ನ, ಟ ಎಂದೇ ಪರಿಗಣಿಸೋಣ. ಈಗ ಚನ್ನಪಟ್ಟಣ ಎಂದಾಗ ರಾಮನಗರ, ನಾಗಮಂಗಲ, ನೆಲಮಂಗಲ, ದೇವನಹಳ್ಳಿಗಳಿಗೆ ‘ನ್ನ’ ಕೇಸರಿಯಾಗುತ್ತದೆ. ವಿಜಯಪುರ, ಪಾಂಡವಪುರ, ಶಿಕಾರಿಪುರಗಳಿಗೆ ‘ಪ’ ಕೇಸರಿ. ಬಂಗಾರಪೇಟೆ, ವಿರಾಜಪೇಟೆಗಳಿಗೆ ‘ಪ’ ಜೊತೆ ‘ಟ್ಟ’ ಸಹ. ಕನಕಪುರಕ್ಕೆ ‘ನ್ನ’ ಮತ್ತು ‘ಪ’, ಕೊರಟಗೆರೆಗೆ ‘ಟ್ಟ’ ಮಾತ್ರ, ದಾವಣಗೆರೆಗೆ ಮೊದಲಿನಂತೆ ‘ಣ’ ಹಳದಿ. ಅರಸೀಕೆರೆ, ತುರುವೇಕೆರೆ, ಬೈಲಹೊಂಗಲಗಳಿಗೆ ಮಾತ್ರ ಎಲ್ಲ ಬೂದು. 1, 1, 14ರಂತೆ ಒಡೆಯುತ್ತಿದ್ದ ಪಟ್ಟಿ ಈಗ 1, 1, 1, 1, 2, 3, 3, 4 ಎಂದು ಹರಡಿಕೊಂಡಿತು. ಎಂಟ್ರೊಪಿ 0.67ರಿಂದ 2.78 ಬಿಟ್‌ಗೆ ಏರಿತು.

ಈ ಹೊಸ ನಿಯಮದಲ್ಲಿ ರಾಮನಗರ ಮೊದಲ ಸ್ಥಾನವನ್ನು ಉಳಿಸಿಕೊಳ್ಳುತ್ತದೆಯೇ? ಅದರಲ್ಲಿ ‘ರ’ ವ್ಯಂಜನ ಎರಡು ಬಾರಿ ಬರುವುದರಿಂದ, ಉತ್ತರದಲ್ಲಿ ಒಂದೇ ‘ರ’ ಇದ್ದಾಗ ಬಣ್ಣ ಯಾವುದಕ್ಕೆ ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ಲೆಕ್ಕಕ್ಕೆ ಕೂರಿ.