ಶೃಂಗಾರದ ಉಪಮೆಯೊಳಗೆ ಶೋಕ

ಪಠ್ಯಪುಸ್ತಕದ ಪುಟವನ್ನು ಮೊಬೈಲಿನಲ್ಲಿ ಫೋಟೊ ತೆಗೆದು, 'ಇದರಲ್ಲಿ ಯಾವ ಅಲಂಕಾರ ಇದೆ, ಯಾವ ರಸ?' ಎಂದು ಕೇಳುವುದು ಈಗ ಮಕ್ಕಳಿಗೆ ರೂಢಿ. ಹಾಗೆ ಓದಹೊರಟರೆ ಬೇಂದ್ರೆಯವರ 'ನೀ ಹೀಂಗ ನೋಡಬ್ಯಾಡ ನನ್ನ' ಕವನದಷ್ಟು ದಾರಿ ತಪ್ಪಿಸುವ ಇನ್ನೊಂದು ಪದ್ಯ ಸಿಗುವುದು ಕಷ್ಟ. 1938ರ 'ನಾದಲೀಲೆ' ಸಂಕಲನದಲ್ಲಿರುವ ಈ ಕವನದ ಪಲ್ಲವಿ ಪ್ರಣಯಗೀತೆಯಂತೆಯೇ ಕೇಳಿಸುತ್ತದೆ. ಆಮೇಲೆ ಹೆಂಡತಿಯ ತುಟಿಯ ಮಾತು ಬರುತ್ತದೆ, ಕಣ್ಣಿನ ಮಾತು ಬರುತ್ತದೆ. ಫೋಟೊದಲ್ಲಿ ಈ ಭಾಗ ಮಾತ್ರ ಬಿದ್ದಿದ್ದರೆ 'ಶೃಂಗಾರ' ಎಂದು ಬರೆದವರನ್ನು ದೂರುವಂತಿಲ್ಲ. ಮೊದಲ ನುಡಿಯಲ್ಲಿ ಕೂಸೊಂದು ಮಲಗಿದೆ. ಮುಂದಿನದೆಲ್ಲ ದೇವರಿಗೆ ಬಿಟ್ಟದ್ದು ಎನ್ನುತ್ತಾನೆ ತಂದೆ. ಹಲವು ಮಕ್ಕಳನ್ನು ಕಳೆದುಕೊಂಡ ಕವಿ ಬರೆದ ಸಾಲುಗಳಿವು. ಆ ನುಡಿ ಚಿತ್ರದಿಂದ ಹೊರಗುಳಿದರೆ ಕವನದ ಕೀಲಿಕೈಯೇ ಹೊರಗುಳಿದಂತೆ. ಹಾಗಾಗಿ ಮೊದಲು ನೋಡಬೇಕಾದದ್ದು ಪುಟ ಪೂರ್ತಿ ಇದೆಯೇ ಎಂಬುದನ್ನು.

ಇನ್ನೊಂದು ಸೂಕ್ಷ್ಮವಿದೆ. ಧಾರವಾಡದ ಆಡುಮಾತಿನ ಎಳೆತವನ್ನು ತೋರಿಸಲು ಬೇಂದ್ರೆ ಅಕ್ಷರಗಳ ಪಕ್ಕದಲ್ಲಿ ಅವಗ್ರಹದ ಚಿಹ್ನೆ 'ಽ' ಹಾಕುತ್ತಾರೆ. ಮಸುಕಾದ ಫೋಟೊದಲ್ಲಿ ಅದು ಶಾಯಿಯ ಕಲೆಯಂತೆ ಕಂಡು ಬಿಟ್ಟುಹೋಗುತ್ತದೆ. ಸಾಲನ್ನು ಜೋರಾಗಿ ಓದಿದಾಗ ಲಯ ಎಲ್ಲಾದರೂ ಎಡವಿದರೆ ಅಲ್ಲಿ ಈ ಚಿಹ್ನೆ ಕಳೆದುಹೋಗಿರಬಹುದು, ಪುಸ್ತಕ ತೆರೆದು ನೋಡಬೇಕು.

ಈಗ ಅಲಂಕಾರಗಳಿಗೆ ಬರೋಣ. ಬಾಳನ್ನು ಕಡಲೆಂದೇ ಕರೆಯುವಲ್ಲಿ ರೂಪಕವಿದೆ. ಅದು ಎಲ್ಲರ ಬಾಯಲ್ಲಿ ಸವೆದ ರೂಪಕ, ಹೆಚ್ಚು ಹೇಳಬೇಕಿಲ್ಲ. ತುಟಿಯ ನುಡಿ ಹಾಗಲ್ಲ. ತಾಂಬೂಲ ಹಾಕದೆಯೂ ಗಿಣಿ ಕಚ್ಚಿದ ಹಣ್ಣಿನ ಹಾಗೆ ಕೆಂಪಾಗಿದ್ದ ತುಟಿ ಅದು. ತುಟಿ ಉಪಮೇಯ, ಹಣ್ಣು ಉಪಮಾನ, ಕೆಂಪು ಸಮಾನಧರ್ಮ, ಧಾರವಾಡದ 'ಹಾಂಗ' ಉಪಮಾವಾಚಕ. ನಾಲ್ಕೂ ಇರುವುದರಿಂದ ಪೂರ್ಣೋಪಮೆ. ಇಷ್ಟು ಬರೆದು ನಿಲ್ಲಿಸಿದರೆ ಅಂಕ ಸಿಕ್ಕೀತು, ಕವನ ಸಿಕ್ಕುವುದಿಲ್ಲ. ಏಕೆಂದರೆ ಆ ಕೆಂಪು ಈಗ ಇಲ್ಲ. ಬಣ್ಣ ಎತ್ತ ಹಾರಿಹೋಯಿತು ಎಂದು ಗಂಡ ಕೇಳುತ್ತಿದ್ದಾನೆ. ಉಪಮಾನ ನಿನ್ನೆಯದು, ಉಪಮೇಯ ಇಂದಿನದು. ಎರಡರ ನಡುವೆ ಸಾವು ಬಂದು ಆ ಮುಖದ ಮೇಲೆ ಕೈಯಾಡಿಸಿದೆ. ಸಾವಿಗೆ ಕೈ ಕೊಟ್ಟಿರುವುದು ಮಾನವೀಕರಣ.

ಕಣ್ಣಿನ ನುಡಿಯಲ್ಲೂ ಇದೇ ದಾರಿ. ಇಬ್ಬನಿಯಲ್ಲಿ ತೊಳೆದ ಕವಳಿ ಹಣ್ಣಿನಂತೆ ಹೊಳೆಯುತ್ತಿದ್ದ ಕಣ್ಣುಗಳು ಇವೇನಾ ಎಂದು ಗಂಡ ಕೇಳುತ್ತಾನೆ. ಪ್ರಶ್ನೆ ಕಂಡ ಕೂಡಲೇ ಕೆಲವರು ಸಂದೇಹಾಲಂಕಾರ ಎಂದು ಬರೆದುಬಿಡುತ್ತಾರೆ. ಹೋಲಿಕೆ ಹೆಚ್ಚಾಗಿ ಇದೋ ಅದೋ ತಿಳಿಯದಾದಾಗ ಹುಟ್ಟುವುದು ಸಂದೇಹ. ಇಲ್ಲಿ ಹೋಲಿಕೆ ಅಳಿಸಿಹೋದದ್ದರಿಂದ ಪ್ರಶ್ನೆ ಹುಟ್ಟಿದೆ, ಅಲಂಕಾರ ಉಪಮೆಯೇ. ಇದರ ಬೆನ್ನಿಗೇ ಬರುತ್ತದೆ ಕವನದ ಅತ್ಯಂತ ಭಯಂಕರ ಚಿತ್ರ: ಹುಣ್ಣಿಮೆಯ ಚಂದ್ರ ಹೆಣವಾಗಿ, ಹಗಲು ಹೊತ್ತಿನಲ್ಲಿ ಆಕಾಶದಲ್ಲಿ ತೇಲುತ್ತಿದ್ದಾನೆ. ಹೆಣ್ಣಿನ ಮುಖವನ್ನು ಚಂದ್ರನಿಗೆ ಹೋಲಿಸದ ಹಳೆಯ ಕವಿಯಿಲ್ಲ. ಇಲ್ಲಿ 'ಮುಖ' ಎಂಬ ಮಾತೇ ಇಲ್ಲ, ಉಪಮಾನ ಉಪಮೇಯವನ್ನು ನುಂಗಿದೆ. ಇದನ್ನು ರೂಪಕಾತಿಶಯೋಕ್ತಿ ಎನ್ನಬೇಕು. ಶೃಂಗಾರಕ್ಕೆಂದೇ ಮೀಸಲಾಗಿದ್ದ ಉಪಮಾನಗಳನ್ನು ಬೇಂದ್ರೆ ಒಂದೊಂದಾಗಿ ಎತ್ತಿಕೊಂಡು ಅವುಗಳ ಜೀವ ಹೋದದ್ದನ್ನು ತೋರಿಸುತ್ತಾರೆ. ಕನ್ನಡದಲ್ಲಿ ಅಲಂಕಾರ ಇಷ್ಟು ಕೆಲಸ ಮಾಡಿದ ಕವನ ಅಪರೂಪವೆಂದೇ ನನ್ನ ಅಭಿಪ್ರಾಯ.

ರಸ ಕರುಣ, ಸ್ಥಾಯಿಭಾವ ಶೋಕ. ಇದರಲ್ಲಿ ಎರಡು ಮಾತಿಲ್ಲ. ಆದರೆ ಕರುಣರಸಕ್ಕೆ ಸಾಮಾನ್ಯವಾಗಿ ಅನುಭಾವವಾಗಿ ಒದಗುವ ಕಣ್ಣೀರು ಇಲ್ಲಿ ಹರಿಯುವುದೇ ಇಲ್ಲ. ಸುರಿಯಲು ಬಂದ ಮೋಡವನ್ನು ಗಾಳಿ ತಡೆದಂತೆ ಅವಳು ಅಳುವನ್ನು ತಡೆದಿದ್ದಾಳೆ. ಎವೆಯಿಕ್ಕದ ನೋಟ, ಕಚ್ಚಿದ ತುಟಿ, ನಡುನಡುವೆ ಬರುವ ಹುಚ್ಚುನಗೆ ಇಲ್ಲಿನ ಅನುಭಾವಗಳು. ಆ ನಗೆಯಲ್ಲಿ ಉನ್ಮಾದವೆಂಬ ಸಂಚಾರಿಭಾವವಿದೆ, ಗಂಡನ ಮಾತಿನಲ್ಲಿ ದೈನ್ಯವಿದೆ. ಅತ್ತುಬಿಡು ಎಂದು ಅವನು ಬೇಡಿಕೊಳ್ಳುವುದು ಕೊನೆಯಲ್ಲಿ.

ಆಲಂಬನ ವಿಭಾವ ಯಾರು ಎಂದು ಕೇಳಿದರೆ ಎಲ್ಲರೂ ಕೂಸು ಎಂದೇ ಬರೆಯುತ್ತಾರೆ. ತಾಯಿಯ ಶೋಕಕ್ಕೆ ಅದು ಸರಿ. ಆದರೆ ಮಾತಾಡುತ್ತಿರುವವನು ತಂದೆ, ಕವನದುದ್ದಕ್ಕೂ ಅವನ ಕಣ್ಣು ನೆಟ್ಟಿರುವುದು ಹೆಂಡತಿಯ ಮೇಲೆ. ಕೂಸಿನ ಪ್ರಸ್ತಾಪ ಮೊದಲ ನುಡಿಗೇ ಮುಗಿಯುತ್ತದೆ. ಅವನ ಶೋಕಕ್ಕೆ ಆಲಂಬನ ಅವಳೇ. ಕೈಹಿಡಿದವಳು ತನ್ನನ್ನು ದೇವರೆಂದು ನಂಬಿ ನೋಡುತ್ತಿದ್ದಾಳೆ, ತನ್ನಿಂದ ಏನೂ ಆಗದು ಎಂಬುದು ಅವನಿಗೆ ಗೊತ್ತು. ಅವಳ ಮುಖದಿಂದ ಕಣ್ಣು ಕೀಳಲಾರದವನು, ಆ ಮುಖ ತನ್ನತ್ತ ತಿರುಗಿದಾಗ ಮಾತ್ರ ನೋಡಬೇಡವೆಂದು ಅಂಗಲಾಚುತ್ತಾನೆ.